ಕ್ವಿಂಟಲ್‌ಗೆ 600 ರೂಪಾಯಿ ಸಬ್ಸಿಡಿ: ಯಾರಿಗೆ ಎಷ್ಟು ಸೇರಿತು, ಲೆಕ್ಕ ಹಾಕುವುದು ಹೇಗೆ?

ಹಾಸನದಲ್ಲಿ ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುವಾಗ ಪ್ರತಿವರ್ಷ ಒಂದೇ ಜಾಗದಲ್ಲಿ ಮಕ್ಕಳು ಎಡವುವುದನ್ನು ನೋಡುತ್ತೇನೆ. ಮಕ್ಕಳಷ್ಟೇ ಅಲ್ಲ. ಆಲೂಗಡ್ಡೆ ಬೆಳೆಯುವ ಪೋಷಕರೊಬ್ಬರು ಒಮ್ಮೆ ಕೇಳಿದರು: "ಅಲ್ಲ ಮೇಷ್ಟ್ರೇ, ಸರ್ಕಾರ ಕ್ವಿಂಟಲ್‌ಗೆ ಆರುನೂರು ಕೊಟ್ರೆ ಅದು ನಮ್ಮ ಅಕೌಂಟಿಗೇ ಬೀಳೋದಲ್ವಾ? ಪೂರ್ತಿ ನಮ್ಮದೇ ತಾನೆ?" ಹಣ ಅವರ ಅಕೌಂಟಿಗೆ ಬೀಳುವುದು ನಿಜ. ಪೂರ್ತಿ ಅವರಲ್ಲೇ ಉಳಿಯುತ್ತದೆಯೇ ಎಂಬುದನ್ನು ಗ್ರಾಫ್ ಹಾಳೆಯ ಮೇಲೆ ಹೀಗೆ ನೋಡಬಹುದು.

ಉದಾಹರಣೆಗೆ ಆಲೂಗಡ್ಡೆಯನ್ನೇ ಇಟ್ಟುಕೊಳ್ಳೋಣ. ಹಾಲು ಬೇಡ. ಕ್ಷೀರಧಾರೆ ಯೋಜನೆಯ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಡೇರಿಗೆ ಹಾಕುವ ಹಾಲಿನ ದರವನ್ನು ಒಕ್ಕೂಟ ನಿಗದಿ ಮಾಡುತ್ತದೆ, ಹರಾಜಿನಲ್ಲಿ ಏರಿಳಿಯುವುದಿಲ್ಲ. ಇಲ್ಲಿನ ಲೆಕ್ಕ ನಡೆಯುವುದು ಮಾರುವವರೂ ಕೊಳ್ಳುವವರೂ ಹಲವರಿದ್ದು, ಯಾರೊಬ್ಬರೂ ದರವನ್ನು ಹಿಡಿದಿಡಲಾಗದ ಮಾರುಕಟ್ಟೆಯಲ್ಲಿ. ಕೆಳಗಿನ ಅಂಕಿಗಳು ಲೆಕ್ಕ ಸುಲಭವಾಗಲೆಂದು ನಾನೇ ಇಟ್ಟುಕೊಂಡವು. ಹೊರಗಿನ ಗಡ್ಡೆ ಬಂದಿಲ್ಲ, ಎಲ್ಲ ಬೆಳೆಗಾರರಿಗೂ ಸಬ್ಸಿಡಿ ಸಿಗುತ್ತದೆ ಎಂದೂ ಇಟ್ಟುಕೊಳ್ಳಿ.

ಹಂತ 1. ಸಬ್ಸಿಡಿಗೆ ಮುಂಚಿನ ಸ್ಥಿತಿ ಬರೆಯಿರಿ. ದರ ಕ್ವಿಂಟಲ್‌ಗೆ 2000 ರೂಪಾಯಿ, ವಾರಕ್ಕೆ ಮಾರಾಟ 1000 ಕ್ವಿಂಟಲ್. ದರ 100 ರೂಪಾಯಿ ಇಳಿದರೆ ಜನ 20 ಕ್ವಿಂಟಲ್ ಹೆಚ್ಚು ಕೊಳ್ಳುತ್ತಾರೆ. 100 ರೂಪಾಯಿ ಏರಿದರೆ ರೈತರು 40 ಕ್ವಿಂಟಲ್ ಹೆಚ್ಚು ತರುತ್ತಾರೆ.

ಹಂತ 2. ಎರಡು ರೇಖೆ ಎಳೆಯಿರಿ: ಕೊಳ್ಳುವವರದು ಬೇಡಿಕೆ ರೇಖೆ, ರೈತರದು ಪೂರೈಕೆ ರೇಖೆ. ಮೇಲ್ಮುಖವಾಗಿ ಒಂದು ಸೆಂಟಿಮೀಟರಿಗೆ 200 ರೂಪಾಯಿ, ಅಡ್ಡಕ್ಕೆ ಒಂದು ಸೆಂಟಿಮೀಟರಿಗೆ 20 ಕ್ವಿಂಟಲ್. ಪೆನ್ಸಿಲ್ ಚೂಪಾಗಿರಲಿ. ದಪ್ಪ ಸ್ಕೆಚ್ ಪೆನ್ನಿನಲ್ಲಿ ಎಳೆದವರಿಗೆ ಮುಂದಿನ ಹಂತ ಖಂಡಿತ ತಪ್ಪುತ್ತದೆ.

ಹಂತ 3. ಎಡವುವ ಜಾಗ ಇದೇ. ಬಹಳ ಮಂದಿ ಇಲ್ಲಿ 2000ಕ್ಕೆ 600 ಕೂಡಿಸಿ "ರೈತನಿಗೆ 2600" ಎಂದು ಬರೆದು ಮುಗಿಸುತ್ತಾರೆ. ಇನ್ನು ಕೆಲವರು 600 ಕಳೆದು "ಗ್ರಾಹಕನಿಗೆ 1400" ಎನ್ನುತ್ತಾರೆ. ಎರಡೂ ತಪ್ಪು. ಸಬ್ಸಿಡಿ ಬಂದಮೇಲೆ ಮಾರುಕಟ್ಟೆಯಲ್ಲಿ ಒಂದು ದರ ಇರುವುದಿಲ್ಲ, ಎರಡಿರುತ್ತವೆ. ಕೊಳ್ಳುವವನು ಕೊಡುವುದು ಒಂದು, ರೈತನ ಕೈಗೆ ಸೇರುವುದು ಇನ್ನೊಂದು. ಎರಡರ ನಡುವಿನ ಅಂತರ ಸರಿಯಾಗಿ 600.

ಇದಕ್ಕೆ ನಾನು ಕಾಗದದ ಪಟ್ಟಿ ಬಳಸುತ್ತೇನೆ, ನೀವೂ ಅದನ್ನೇ ಬಳಸಿ. ಹಳೆಯ ಮದುವೆ ಕಾರ್ಡಿನಿಂದ 3 ಸೆಂಟಿಮೀಟರ್ ಉದ್ದದ ಸಣ್ಣ ಪಟ್ಟಿ ಕತ್ತರಿಸಿ. ನಮ್ಮ ಅಳತೆಯಲ್ಲಿ ಅದು 600 ರೂಪಾಯಿ. ರೇಖೆಗಳು ಕೂಡುವ ಬಿಂದುವಿನ ಬಲಕ್ಕೆ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ಮೆಲ್ಲಗೆ ಬಲಕ್ಕೆ ಸರಿಸಿ. 1020 ಕ್ವಿಂಟಲ್ ಹತ್ತಿರ ಎರಡು ರೇಖೆಗಳ ನಡುವಿನ ಜಾಗ ಬರೀ 150 ರೂಪಾಯಿಯಷ್ಟು, ಪಟ್ಟಿ ಹೊರಗೆ ಚಾಚಿಕೊಂಡಿರುತ್ತದೆ. ಇನ್ನೂ ಸರಿಸಿ. 1080ಕ್ಕೆ ಬಂದಾಗ ಪಟ್ಟಿಯ ತಲೆ ಪೂರೈಕೆ ರೇಖೆಗೆ, ಬುಡ ಬೇಡಿಕೆ ರೇಖೆಗೆ ಸರಿಯಾಗಿ ತಾಗುತ್ತದೆ. ತಲೆ ಇರುವ ಜಾಗ 2200, ಅದು ರೈತನ ದರ. ಬುಡ ಇರುವ ಜಾಗ 1600, ಅದು ಕೊಳ್ಳುವವನ ದರ.

ಪಟ್ಟಿ ನೆಟ್ಟಗೇ ನಿಲ್ಲಬೇಕು, ವಾಲಬಾರದು. ಕೆಲವು ಗೈಡುಗಳಲ್ಲಿ ಈ ಅಂತರವನ್ನು ರೇಖೆಗೆ ಲಂಬವಾಗಿ, ಓರೆಯಾಗಿ ತೋರಿಸಿರುತ್ತಾರೆ. ಅಂಥ ಗೈಡು ನೋಡಿ ಕಲಿತವರಿಗೆ ಉತ್ತರ ಎಂದೂ ಹೊಂದುವುದಿಲ್ಲ. ಸರಿ ಬಂದಿದೆಯೇ ಎಂದು ನೋಡಲು ಹಂತ 1ಕ್ಕೆ ವಾಪಸ್ ಹೋಗಿ. ಕೊಳ್ಳುವವನಿಗೆ 400 ಇಳಿದಿದೆ, ನೂರಕ್ಕೆ 20ರಂತೆ 80 ಕ್ವಿಂಟಲ್. ರೈತನಿಗೆ 200 ಏರಿದೆ, ನೂರಕ್ಕೆ 40ರಂತೆ ಅದೂ 80. ಎರಡೂ ಹೊಂದಬೇಕು. ಹೊಂದದಿದ್ದರೆ ಪಟ್ಟಿ ವಾಲಿದೆ.

ಈಗ ಆ ಪೋಷಕರ ಪ್ರಶ್ನೆಗೆ ಉತ್ತರ. ಅಕೌಂಟಿಗೆ 600 ಬಿತ್ತು, ಆದರೆ ಯಾರ್ಡಿನಲ್ಲಿ ಸಿಕ್ಕ ದರ 2000ದಿಂದ 1600ಕ್ಕೆ ಇಳಿಯಿತು. ಕೈಯಲ್ಲಿ ನಿಂತ ಹೆಚ್ಚಳ 200. ಹೆಚ್ಚು ಗಡ್ಡೆ ಬಂದಾಗ ಅದನ್ನೆಲ್ಲ ಮಾರಲು ದರ ಇಳಿಯಲೇಬೇಕು. ದರ ಇಳಿದರೂ ಜನ ಹೆಚ್ಚೇನೂ ಕೊಳ್ಳದ ಪದಾರ್ಥವಾದ್ದರಿಂದ ಜೋರಾಗಿಯೇ ಇಳಿಯಬೇಕು.

ಹಂತ 4. ಲಾಭ ಲೆಕ್ಕ ಹಾಕಿ. ಕೊಳ್ಳುವವರಿಗೆ ಹಳೆಯ 1000 ಕ್ವಿಂಟಲ್ ಮೇಲೆ 400ರಂತೆ 4,00,000. ಹೊಸ 80ರ ಮೇಲೆ ಅದರ ಅರ್ಧ ದರದಲ್ಲಿ 16,000. ಒಟ್ಟು 4,16,000. ರೈತರಿಗೆ 1000ದ ಮೇಲೆ 200ರಂತೆ 2,00,000, ಹೊಸ 80ರ ಮೇಲೆ 8,000. ಒಟ್ಟು 2,08,000. ಹೊಸ 80ಕ್ಕೆ ಅರ್ಧ ಹಿಡಿಯುವುದೇಕೆಂದರೆ, ಅದರಲ್ಲಿ ಮೊದಲ ಕ್ವಿಂಟಲ್‌ಗೆ ಹೆಚ್ಚುಕಡಿಮೆ ಪೂರ್ತಿ ಲಾಭವಿದೆ, ಕೊನೆಯದಕ್ಕೆ ಏನೂ ಇಲ್ಲ. ಜಾಗ ಉಳಿಸಲು ಅಡ್ಡರೇಖೆಯನ್ನು 900ರಿಂದ ಶುರುಮಾಡಿದ್ದರೆ ಗ್ರಾಫಿನ ಚೌಕ ಎಣಿಸಬೇಡಿ. ಎಡಗಡೆ 900 ಕ್ವಿಂಟಲ್ ಕಾಣದೆ ಹೋಗಿರುತ್ತದೆ.

ಹಂತ 5. ತೆರಿಗೆದಾರರ ಬಿಲ್. 600ನ್ನು ಹಳೆಯ 1000ದಿಂದ ಗುಣಿಸಿ 6 ಲಕ್ಷ ಎಂದು ಬರೆಯುವುದು ಎರಡನೇ ದೊಡ್ಡ ತಪ್ಪು. ಸಬ್ಸಿಡಿ ಕೊಡಬೇಕಾದ್ದು ಹೊಸ ಪ್ರಮಾಣಕ್ಕೆ, ಅಂದರೆ 1080ಕ್ಕೆ: 6,48,000 ರೂಪಾಯಿ. ಸಬ್ಸಿಡಿ ಘೋಷಿಸುವವರು ಕಳೆದ ವರ್ಷದ ಆವಕ ನೋಡಿ ಹಣ ತೆಗೆದಿಟ್ಟರೆ ಕೊನೆಗೆ ಸಾಲದೆ ಬರುವುದು ಇದೇ ಕಾರಣಕ್ಕೆ. ಸಬ್ಸಿಡಿಯೇ ಆವಕವನ್ನು ಹೆಚ್ಚಿಸುತ್ತದೆ.

ಹಂತ 6. ಕೂಡಿ ಕಳೆಯಿರಿ. ಇಬ್ಬರ ಲಾಭ ಸೇರಿ 6,24,000. ಖರ್ಚಾದದ್ದು 6,48,000. ಉಳಿದ 24,000 ಯಾರ ಕೈಗೂ ಸೇರಿಲ್ಲ. ಯಾರೋ ನಡುವೆ ತಿಂದರು ಎಂದು ಮಕ್ಕಳು ತಕ್ಷಣ ಹೇಳುತ್ತಾರೆ. ಇಲ್ಲಿ ಯಾರೂ ತಿಂದಿಲ್ಲ. 1080ನೇ ಕ್ವಿಂಟಲ್ ನೋಡಿ. ಅದನ್ನು ಬೆಳೆದು ತರಲು ಬಿತ್ತನೆ ಗಡ್ಡೆ, ಗೊಬ್ಬರ, ಅಂಗಮಾರಿಗೆ ಔಷಧಿ, ಕೂಲಿ ಎಲ್ಲ ಸೇರಿ 2200 ಖರ್ಚಾಗಿದೆ. ಕೊಂಡವನಿಗೆ ಅದರ ಬೆಲೆ 1600 ಮಾತ್ರ. 600 ರೂಪಾಯಿಯ ದುಡಿಮೆ, ಗೊಬ್ಬರ ಮಣ್ಣಿಗೆ ಹೋಯಿತು. 1001ನೇ ಕ್ವಿಂಟಲ್‌ನಲ್ಲಿ ಈ ನಷ್ಟ ಚೂರೇ ಚೂರು, ಮುಂದೆ ಹೋದಂತೆ ಬೆಳೆಯುತ್ತದೆ. ಹಾಗಾಗಿ 80ರ ಅರ್ಧವನ್ನು 600ರಿಂದ ಗುಣಿಸಿದರೆ 24,000. ಚಿತ್ರದಲ್ಲಿ ಅದು ರೇಖೆಗಳು ಕೂಡುವ ಬಿಂದುವಿನ ಬಲಕ್ಕಿರುವ ತ್ರಿಕೋನ. ಎಡಕ್ಕೆ ಬರೆದರೆ ಅದು ತೆರಿಗೆಯ ಚಿತ್ರವಾಗುತ್ತದೆ.

ಅವಸರದಲ್ಲಿದ್ದವರಿಗೆ ಒಂದು ಅಡ್ಡದಾರಿ: ಕೊಳ್ಳುವವರ ಪಾಲು ಎಂದರೆ ರೈತರ ಸ್ಪಂದನೆಯನ್ನು ಇಬ್ಬರ ಸ್ಪಂದನೆಯ ಮೊತ್ತದಿಂದ ಭಾಗಿಸಿದ್ದು. ಇಲ್ಲಿ 60ರಲ್ಲಿ 40, ಮೂರರಲ್ಲಿ ಎರಡು ಪಾಲು. ಪಟ್ಟಿ ಹಿಡಿದು ಒಮ್ಮೆಯಾದರೂ ಮಾಡಿದ ಮೇಲಷ್ಟೇ ಇದನ್ನು ಬಳಸಿ, ಇಲ್ಲದಿದ್ದರೆ ಯಾವ ಪಾಲು ಯಾರದ್ದೆಂದು ತಿರುಗುಮುರುಗಾಗುತ್ತದೆ.

ಬೆಳೆ ಬದಲಾದರೆ ಪಾಲೂ ಬದಲು. ಚಿಕ್ಕಮಗಳೂರಿನ ಕಾಫಿಗೆ ದರ ಬರುವುದು ಹೊರಗಿನಿಂದ, ಅರೇಬಿಕಾಗೆ ನ್ಯೂಯಾರ್ಕ್, ರೋಬಸ್ಟಾಗೆ ಲಂಡನ್. ಇಲ್ಲಿ ನಾಲ್ಕು ಮೂಟೆ ಹೆಚ್ಚು ಬೆಳೆದರೆ ಅಲ್ಲಿನ ದರ ಅಲುಗಾಡುವುದಿಲ್ಲ. ಬೇಡಿಕೆ ರೇಖೆ ಮಲಗಿರುತ್ತದೆ, ಸಬ್ಸಿಡಿ ಪೂರ್ತಿ ಬೆಳೆಗಾರರಿಗೇ ಸೇರುತ್ತದೆ.

ಆಲೂಗಡ್ಡೆಯಲ್ಲೂ ಸಬ್ಸಿಡಿ ಯಾವಾಗ ಘೋಷಣೆಯಾಯಿತು ಎಂದು ನೋಡಬೇಕು. ಗಡ್ಡೆ ಕಿತ್ತು ಚೀಲ ಕಟ್ಟಿದ ಮೇಲೆ ಘೋಷಿಸಿದರೆ ಆ ವಾರ ಬರುವುದು 1000 ಕ್ವಿಂಟಲ್ಲೇ, ಒಂದೂ ಹೆಚ್ಚುವುದಿಲ್ಲ. ಪೂರೈಕೆ ರೇಖೆ ಕಂಬದಂತೆ ನೆಟ್ಟಗೆ ನಿಲ್ಲುತ್ತದೆ. ಪಟ್ಟಿಯ ಬುಡ 2000ದಲ್ಲೇ, ತಲೆ 2600ರಲ್ಲಿ. ಆಗ ಮಾತ್ರ ಆರುನೂರಕ್ಕೆ ಆರುನೂರೂ ರೈತನದ್ದು, ತ್ರಿಕೋನವೂ ಇಲ್ಲ. ಮುಂದಿನ ಮೇ–ಜೂನ್‌ನಲ್ಲಿ ಸಬ್ಸಿಡಿ ಈ ವರ್ಷವೂ ಇದೆ ಎಂದು ಎಲ್ಲರೂ ಜಲಂಧರ್ ಬಿತ್ತನೆ ಗಡ್ಡೆ ಎರಡು ಚೀಲ ಹೆಚ್ಚಿಗೆ ಹಾಕಿದರೆ ಕಂಬ ಮತ್ತೆ ವಾಲುತ್ತದೆ, ಯಾರ್ಡಿನ ದರ 1600ರ ಕಡೆಗೆ ಇಳಿಯಲು ಶುರುವಾಗುತ್ತದೆ.