ಇಸ್ತ್ರಿ ಪೆಟ್ಟಿಗೆ ಕರೆಂಟ್ ತಿನ್ನುತ್ತದೆಯೇ?

ಗಂಗಾವತಿಯಲ್ಲಿ ನಾನು ವೈರಿಂಗ್ ಕೆಲಸ ಮಾಡುತ್ತೇನೆ. ಹತ್ತನೇ ಕ್ಲಾಸಿನ ಅಕ್ಕನ ಮಗ ಒಂದಿನ ಕೇಳಿದ, "ಮಾವಾ, ಬಲ್ಬು ಕರೆಂಟ್ ತಿಂದೇ ಉರಿಯೋದಲ್ವಾ? ಮತ್ತೆ ವಾಪಸ್ ಬರೋ ವೈರಲ್ಲೂ ಅಷ್ಟೇ ಕರೆಂಟ್ ಇರುತ್ತೆ ಅಂತಾರಲ್ಲ ನಮ್ಮ ಸ್ಕೂಲ್ ಸರ್?"

ಮಾತಿಗಿಂತ ಮೀಟರ್ ವಾಸಿ ಅನ್ನಿಸಿತು. ಫೇಸ್ ವೈರು, ನ್ಯೂಟ್ರಲ್ ವೈರು ಬೇರೆ ಬೇರೆಯಾಗಿ ಹೊರಗಿರುವ ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ನನ್ನ ಹತ್ತಿರ ಇದೆ, ಅದಕ್ಕೆ 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಹಾಕಿದೆ. (ಇದನ್ನು ನೀವು ಮನೆಯಲ್ಲಿ ಮಾಡಬೇಡಿ.) ವೈರನ್ನು ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರನ್ನು ಫೇಸಿಗೆ ಹಾಕಿದರೆ 4.3 ಆಂಪಿಯರ್. ನ್ಯೂಟ್ರಲ್‌ಗೆ ಹಾಕಿದರೂ 4.3. ಎರಡನ್ನೂ ಒಟ್ಟಿಗೆ ಕ್ಲ್ಯಾಂಪಿನೊಳಗೆ ಸೇರಿಸಿದೆ, ಸೊನ್ನೆ! ಮೀಟರ್ ಕೆಟ್ಟಿತೇನೋ ಅಂದುಕೊಂಡ ಹುಡುಗ. ಕೆಟ್ಟಿಲ್ಲ. ಹೋಗುವುದೂ ಬರುವುದೂ ಸರಿಸಮ ಇದ್ದು ದಿಕ್ಕು ಎದುರು ಬದುರಾದ್ದರಿಂದ ಒಂದನ್ನೊಂದು ಹೊಡೆದುಹಾಕುತ್ತವೆ, ಅಷ್ಟೇ. ಹೊಸದಾಗಿ ಕೆಲಸ ಕಲಿಯುವಾಗ ನಾನೂ ಇಡೀ ಕೇಬಲ್‌ಗೆ ಕ್ಲ್ಯಾಂಪ್ ಹಾಕಿ, ಲೋಡೇ ಇಲ್ಲ ಅಂತ ಹೇಳಿ ಬೈಸಿಕೊಂಡಿದ್ದೆ.

"ಹಂಗಾದ್ರೆ ಬಿಸಿ ಎಲ್ಲಿಂದ ಬಂತು?"

ನಮ್ಮೂರಿನ ಹಳೇ ರೈಸ್ ಮಿಲ್ಲುಗಳ ಬೆಲ್ಟ್ ನೆನಪು ಮಾಡಿಸಿದೆ. ಮೋಟರಿನಿಂದ ಹಲ್ಲರ್‌ಗೆ ಎಷ್ಟು ಬೆಲ್ಟ್ ಹೋಗುತ್ತದೋ ಅಷ್ಟೇ ವಾಪಸ್ ಬರುತ್ತದೆ, ಒಂದು ಗೇಣೂ ಕಮ್ಮಿಯಾಗಲ್ಲ. ಆದರೂ ಭತ್ತ ಅಕ್ಕಿಯಾಗುತ್ತದೆ. ಯಾಕೆಂದರೆ ಬೆಲ್ಟಿನ ಒಂದು ಬದಿ ಬಿಗಿ, ಇನ್ನೊಂದು ಬದಿ ಸಡಿಲ. ಆ ಬಿಗಿಯ ವ್ಯತ್ಯಾಸವೇ ವೋಲ್ಟೇಜ್ ಇದ್ದ ಹಾಗೆ, ಬೆಲ್ಟ್ ಓಡುವ ವೇಗ ಕರೆಂಟ್ ಇದ್ದ ಹಾಗೆ. ಖರ್ಚಾಗುವುದು ಶಕ್ತಿ, ಬೆಲ್ಟ್ ಅಲ್ಲ. ಶೆಲ್ಲು ಮುಗಿಯುವುದೂ ಹೀಗೆಯೇ: ಅದರೊಳಗೆ ಕರೆಂಟ್ ತುಂಬಿಟ್ಟಿರಲ್ಲ, ತಳ್ಳುವ ರಾಸಾಯನಿಕ ಮುಗಿದಿರುತ್ತದೆ.

ನೀವೇ ನೋಡಬೇಕೆಂದರೆ ಎರಡು ಶೆಲ್ಲು, ಒಂದೇ ತರಹದ ಎರಡು ಟಾರ್ಚ್ ಬಲ್ಬು ಸಾಲಾಗಿ ಜೋಡಿಸಿ. ಮೊದಲನೆಯದು ತಿಂದುಬಿಡುವುದಾದರೆ ಎರಡನೆಯದು ಮಂಕಾಗಬೇಕು, ಅಲ್ವಾ? ಎರಡೂ ಸಮವಾಗಿ ಮಂಕಾಗಿರುತ್ತವೆ. ನಮ್ಮದರಲ್ಲಿ ಒಂದು ತುಸು ಜಾಸ್ತಿ ಉರಿಯಿತು, ಹುಡುಗ "ನೋಡು ಮಾವಾ!" ಅಂತ ಕುಣಿದ. ಜಾಗ ಅದಲು ಬದಲು ಮಾಡಿಸಿದೆ. ಅದೇ ಬಲ್ಬೇ ಜಾಸ್ತಿ ಉರಿಯಿತು, ಅಂದರೆ ವ್ಯತ್ಯಾಸ ಇದ್ದದ್ದು ಬಲ್ಬಿನಲ್ಲಿ, ಸರದಿಯಲ್ಲಲ್ಲ.

ಬೇಸಿಗೆಯಲ್ಲಿ ಅವರ ಮನೆಯ ಕೂಲರ್ ಹಾಕಿದಾಗಲೆಲ್ಲ ಆರ್‌ಸಿಸಿಬಿ ಬೀಳುತ್ತಿತ್ತು. ಆ ಬ್ರೇಕರ್ ಮಾಡುವುದೂ ನನ್ನ ಕ್ಲ್ಯಾಂಪಿನ ಕೆಲಸವನ್ನೇ: ಹೋದದ್ದಕ್ಕೂ ಬಂದದ್ದಕ್ಕೂ 30 ಮಿಲಿಆಂಪಿಯರ್ ವ್ಯತ್ಯಾಸ ಬರುವಷ್ಟರಲ್ಲಿ ಲೈನ್ ಕಡಿದುಬಿಡುತ್ತದೆ. ಕೂಲರಿನೊಳಗಿನ ನೀರಿನ ಪಂಪಿನ ವೈರ್ ಜಾಯಿಂಟ್ ಒದ್ದೆಯಾಗಿ ಕೂಲರಿನ ಮೈಗೆ ಕರೆಂಟ್ ಸೋರುತ್ತಿತ್ತು. ಸೋರಿದ್ದೂ ಖಾಲಿಯಾಗಿರಲಿಲ್ಲ, ಅರ್ಥ್ ವೈರಿನ ದಾರಿ ಹಿಡಿದು ಟ್ರಾನ್ಸ್‌ಫಾರ್ಮರಿಗೇ ಮರಳುತ್ತಿತ್ತು. ಪಂಪ್ ಬದಲಿಸುತ್ತಿದ್ದಾಗ ಹುಡುಗನೇ ಅಂದ, "ಫ್ಯಾನು, ಟೀವಿ ಕರೆಂಟ್ ತಿನ್ನೋದೇ ಆಗಿದ್ರೆ ಇದು ದಿನಾ ಬೀಳಬೇಕಿತ್ತಲ್ಲ ಮಾವಾ."