ಕುರ್ಚಿ ಕಂಪನಿಯದು, ಕಳಿಸಿದವರು ಬೇರೆ: ನಾಮಿನಿ ಡೈರೆಕ್ಟರನ್ನು ಬೋರ್ಡಿಗೆ ಕೂರಿಸಿಕೊಳ್ಳುವುದು ಹೇಗೆ?

ಚಿಕ್ಕಮಗಳೂರಿನ ಹೊರವಲಯದಲ್ಲಿ ಒಂದು ಕಾಫಿ ಕ್ಯೂರಿಂಗ್ ಕಂಪನಿ ಇದೆ. ಅವರ ಕಂಪನಿ ಸೆಕ್ರೆಟರಿ ಕೆಲಸ ನೋಡಿಕೊಳ್ಳುವುದು ನಾನೇ. ಡಿಸೆಂಬರ್‌ನಲ್ಲಿ ಅಲ್ಲೊಂದು ಬೋರ್ಡ್ ಮೀಟಿಂಗ್. ಹೊರಗೆ ಯಾರ್ಡಿನಲ್ಲಿ ಪಾರ್ಚ್‌ಮೆಂಟ್ ಹರಡಿದ್ದರು, ಗೇಟಿನ ಹತ್ತಿರ ಬೆಳೆಗಾರರ ಪಿಕಪ್‌ಗಳು ಸಾಲಾಗಿ ನಿಂತಿದ್ದವು. ಕಾಫಿ ಕೊಳ್ಳಲು ಬ್ಯಾಂಕಿನಿಂದ 1 ಕೋಟಿ ಸಾಲ ತೆಗೆಯುವ ವಿಷಯ ಬಂತು. ಕಂಪನಿಯಲ್ಲಿ ದುಡ್ಡು ಹಾಕಿದ್ದ ಬೆಂಗಳೂರಿನ ಫಂಡ್ ಒಂದು ತನ್ನ ಪರವಾಗಿ ಬೋರ್ಡಿಗೆ ಕಳಿಸಿದ್ದ ನಾಮಿನಿ ಡೈರೆಕ್ಟರು ಫೋನ್ ನೋಡಿಕೊಂಡು, "ಸಾರಿ ಸರ್, ಫಂಡ್‌ನವರು ಬೇಡ ಅಂದಿದ್ದಾರೆ, ನಾನು ಹೂಂ ಅನ್ನೋಕೆ ಆಗಲ್ಲ" ಅಂದುಬಿಟ್ಟರು.

ಡೈರೆಕ್ಟರ್ ಆದವರು ಆಡಬಾರದ ಮಾತು ಅಂದರೆ ಇದೇ. ಪಾಪ, ಅವರಿಗದು ಗೊತ್ತಿರಲಿಲ್ಲ. ಯಜಮಾನರಿಗೂ ಗೊತ್ತಿರಲಿಲ್ಲ. ಇದನ್ನೇ ಮೂರನೇ ಸಲ ನೋಡಿದ ಮೇಲೆ ಬರೆದುಬಿಡೋಣ ಅನ್ನಿಸಿತು.

ಮೊದಲು ನೇಮಕ. ಇದು ಸುಲಭ: ಕಂಪನಿಯ ಒಳನಿಯಮಗಳಾದ ಆರ್ಟಿಕಲ್ಸ್‌ನಲ್ಲಿ ಅವಕಾಶ ಇದೆಯಾ ನೋಡಿ, DIR-2 ಫಾರಂನಲ್ಲಿ ಅವರ ಒಪ್ಪಿಗೆ ತಗೊಳ್ಳಿ, ಬೋರ್ಡಿನಲ್ಲಿ ಠರಾವು ಮಾಡಿ, 30 ದಿನದೊಳಗೆ ಕಂಪನಿ ರಿಜಿಸ್ಟ್ರಾರ್‌ಗೆ DIR-12 ಫಾರಂ ಹಾಕಿ.

ಆಮೇಲೆ, ಅವರು ಯಾರ ಪರ ಅನ್ನುವುದನ್ನು ಮೊದಲ ದಿನವೇ ಮಾತಾಡಿ ಮುಗಿಸಿ. ಇಲ್ಲೇ ಎಲ್ಲರೂ ಎಡವುವುದು. 2013ರ ಕಂಪನಿ ಕಾಯ್ದೆಯ 149ನೇ ಸೆಕ್ಷನ್ನಿನ ವಿವರಣೆಯಲ್ಲಿ, ನಾಮಿನಿ ಡೈರೆಕ್ಟರ್ ಅಂದರೆ ಕಳಿಸಿದವರ ಹಿತವನ್ನು ಪ್ರತಿನಿಧಿಸಲು ನೇಮಕವಾದವರು ಅಂತ ಬರೆದಿದೆ. ಅಷ್ಟನ್ನೇ ಓದಿ ಫಂಡ್‌ನವರು 'ನೋಡಿ, ನಮ್ಮ ಮನುಷ್ಯ' ಅನ್ನುತ್ತಾರೆ. ಆದರೆ 166ನೇ ಸೆಕ್ಷನ್ ಎಲ್ಲ ಡೈರೆಕ್ಟರಿಗೂ ಒಂದೇ, ನಾಮಿನಿಗೆ ಅಲ್ಲಿ ವಿನಾಯಿತಿ ಇಲ್ಲ. ಕಂಪನಿಯ, ಅದರ ಎಲ್ಲ ಷೇರುದಾರರ, ನೌಕರರ ಒಳಿತಿಗೆ ಪ್ರಾಮಾಣಿಕವಾಗಿ ನಡೆಯಬೇಕು, ಸ್ವಂತ ಬುದ್ಧಿಯಿಂದ ತೀರ್ಮಾನ ಮಾಡಬೇಕು, ಕಂಪನಿಯ ಹಿತಕ್ಕೆ ಅಡ್ಡ ಬರುವ ಹಿತಾಸಕ್ತಿಯಲ್ಲಿ ಸಿಕ್ಕಿಕೊಳ್ಳಬಾರದು. ತಪ್ಪಿದರೆ 1 ಲಕ್ಷದಿಂದ 5 ಲಕ್ಷದವರೆಗೆ ದಂಡ, ಅದೂ ಡೈರೆಕ್ಟರ್ ಹೆಸರಿಗೇ.

ಹಾಗಾದರೆ ಕಳಿಸಿದವರ ಮಾತು ಕೇಳಲೇಬಾರದಾ? ಕೇಳಬಹುದು, ಬೋರ್ಡಿನ ಮುಂದೆ ಇಡಬಹುದು. ಎರಡೂ ಕಡೆಗೆ ಒಳ್ಳೆಯದಾಗುವ ದಾರಿ ಇದ್ದರೆ ಅದರ ಪರ ವಾದ ಮಾಡಲೂಬಹುದು. ಎರಡು ಹಿತ ಡಿಕ್ಕಿ ಹೊಡೆದಾಗ ಮಾತ್ರ ಕಂಪನಿಯದೇ ಮೊದಲು. 1958ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂದ ಸ್ಕಾಟಿಷ್ ಕೋಆಪರೇಟಿವ್ ವಿರುದ್ಧ ಮೇಯರ್ ಕೇಸು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಒಂದು ರೇಯಾನ್ ಬಟ್ಟೆ ಕಂಪನಿಯಲ್ಲಿ ದೊಡ್ಡ ಪಾಲು ಸಹಕಾರ ಸಂಘದ್ದು, ಬೋರ್ಡಿನಲ್ಲಿ ಸಂಘದ ಮೂವರು ನಾಮಿನಿಗಳು. ಸಂಘ ಸರಕು ಕೊಡದೆ ಕಂಪನಿಯನ್ನು ಸೊರಗಿಸುತ್ತಿದ್ದರೂ ಆ ಮೂವರು ಸುಮ್ನೆ ಕೂತಿದ್ದರು. ಸುಮ್ಮನಿದ್ದದ್ದೇ ತಪ್ಪು ಅಂತ ಕೋರ್ಟು ಹೇಳಿತು.

ಈಗ ನಮ್ಮ ಕ್ಯೂರಿಂಗ್ ಕಂಪನಿಯ ಲೆಕ್ಕ. ಫಂಡ್ ಪಾಲು 30%, ಯಜಮಾನರ ಮನೆಯವರದು 70%. ಬ್ಯಾಂಕು 1 ಕೋಟಿಯನ್ನು 11% ಬಡ್ಡಿಗೆ ಐದು ತಿಂಗಳಿಗೆ ಕೊಡಲು ತಯಾರಿತ್ತು. ಅಂದರೆ ಬಡ್ಡಿ ಸುಮಾರು 4.6 ಲಕ್ಷ, ಕಾಫಿ ಮಾರಿದ ಮೇಲೆ ಸಾಲ ತೀರುತ್ತಿತ್ತು. ಫಂಡ್ ಹೇಳಿದ್ದು ಬೇರೆ. ಆ 1 ಕೋಟಿ ನಾವೇ ಹಾಕುತ್ತೇವೆ, ಆದರೆ ಈಗ ಕಂಪನಿಯ ಬೆಲೆ 5 ಕೋಟಿ ಅಂತ ಹಿಡಿದು ಹೊಸ ಷೇರು ಕೊಡಿ ಅಂತ. ಎರಡು ವರ್ಷದ ಹಿಂದೆ ಇದೇ ಫಂಡ್ ಬಂದಾಗ 10 ಕೋಟಿ ಅಂತ ಹಿಡಿದಿದ್ದರು. ಐದು ಕೋಟಿ ಲೆಕ್ಕದಲ್ಲಿ ಹೊಸ ಷೇರು 16.7% ಆಗುತ್ತದೆ, ಫಂಡಿನ ಹಳೇ 30% ಕರಗಿ 25% ಆಗುತ್ತದೆ, ಎರಡೂ ಸೇರಿ ಹತ್ತಿರ ಹತ್ತಿರ 42%. ಮನೆಯವರು 58%ಕ್ಕೆ ಇಳಿಯುತ್ತಾರೆ. ಐದು ತಿಂಗಳ ದುಡ್ಡಿಗೆ ಇಷ್ಟು ತೆರಬೇಕಾ?

ಹೊಸ ಷೇರಿಗೆ ವಿಶೇಷ ಠರಾವು ಬೇಕು, ಅಂದರೆ ಬಿದ್ದ ಓಟಿನಲ್ಲಿ ಮುಕ್ಕಾಲು ಪಾಲು. ಮನೆಯವರು ಒಪ್ಪದಿದ್ದರೆ ಅದು ಆಗುವ ಮಾತಲ್ಲ. ಆದರೆ ಆರ್ಟಿಕಲ್ಸ್‌ನಲ್ಲಿ ಒಂದು ಸಾಲಿತ್ತು: 50 ಲಕ್ಷ ಮೀರಿದ ಸಾಲಕ್ಕೆ 'ಹೂಡಿಕೆದಾರರ ಡೈರೆಕ್ಟರ್' ಹೂಂ ಅನ್ನಬೇಕು. ಅವರು ಬ್ಯಾಂಕ್ ಸಾಲಕ್ಕೆ ಬೇಡ ಅಂದರೆ ಸಾಕು, ಗೇಟಿನಲ್ಲಿ ಬೆಳೆಗಾರರು ಕಾಯುತ್ತಿರುವಾಗ ಮನೆಯವರು ತಾವಾಗೇ ಬಗ್ಗುತ್ತಾರೆ. ಇದು ಸಾಲದ ಬಗ್ಗೆ ಸ್ವತಂತ್ರ ತೀರ್ಮಾನವಲ್ಲ. ಕಳಿಸಿದವರಿಗೆ ಲಾಭವಾಗಲಿ ಅಂತ ಕಂಪನಿಯ ಕೈ ಕಟ್ಟಿದ ಹಾಗೆ.

"MBP-1 ಕೊಟ್ಟಿದ್ದಾರಲ್ಲ" ಅಂತ ಅವರ ಆಡಿಟರ್ ಅಂದರು. ತನಗೆ ಎಲ್ಲೆಲ್ಲಿ ಹಿತಾಸಕ್ತಿ ಇದೆ ಅಂತ ಡೈರೆಕ್ಟರ್ ಬರೆದುಕೊಡುವ ಆ ಫಾರಂ 184ನೇ ಸೆಕ್ಷನ್ನಿಗೆ. ಒಪ್ಪಂದಗಳ ವಿಷಯದಲ್ಲಿ ಅದು ಮುಖ್ಯವಾಗಿ ನೋಡುವುದು ಎದುರಿನ ಕಂಪನಿಯಲ್ಲಿ ಡೈರೆಕ್ಟರಿಗೆ 2% ಮೀರಿ ಪಾಲಿದೆಯಾ, ಅಲ್ಲಿ ಪ್ರವರ್ತಕರಾ, ಮ್ಯಾನೇಜರಾ ಅಂತ. ಫಂಡಿನ ಸಂಬಳದ ನೌಕರ ಆ ಜರಡಿಯಲ್ಲಿ ಸಿಗದೇ ಹೋಗಬಹುದು. 166ರಲ್ಲಿ ಮಾತ್ರ ಸಿಕ್ಕೇ ಸಿಗುತ್ತಾರೆ.

ಅದಕ್ಕೇ ವೀಟೋ, ಅಂದರೆ ಬೇಡ ಅಂದು ತಡೆಯುವ ಹಕ್ಕು, ಎಲ್ಲಿದೆ ಅಂತ ಹುಡುಕಿ, ಅಲ್ಲಿಂದ ತೆಗೆದು ಇನ್ನೊಂದು ಕಡೆ ಇಡಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಷೇರುದಾರ ತನ್ನ ಸ್ವಾರ್ಥ ನೋಡಿಕೊಂಡು ಓಟು ಹಾಕಬಹುದು, ಅದು ಅವನ ಆಸ್ತಿ. ಡೈರೆಕ್ಟರ್ ಹಾಗೆ ಮಾಡುವಂತಿಲ್ಲ. ಹಾಗಾಗಿ ಆರ್ಟಿಕಲ್ಸ್‌ನ ಸಾಲನ್ನು ಹೀಗೆ ಬದಲಿಸಿ: "50 ಲಕ್ಷ ಮೀರಿದ ಸಾಲಕ್ಕೆ ಹೂಡಿಕೆದಾರರ ಲಿಖಿತ ಒಪ್ಪಿಗೆ ಬೇಕು. ಏಳು ದಿನದೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದೇ ಅರ್ಥ." ಬೇಡ ಅನ್ನುವ ಹಕ್ಕು ಫಂಡಿಗೆ ಉಳಿಯುತ್ತದೆ, ಅದಕ್ಕೆ ಡೈರೆಕ್ಟರು ಕತ್ತು ಕೊಡಬೇಕಾಗಿಲ್ಲ. ಬರೀ ಷೇರುದಾರರ ಒಪ್ಪಂದದಲ್ಲಿ ಬರೆದು ಬಿಟ್ಟರೆ ಸಾಲದು, ಆರ್ಟಿಕಲ್ಸ್‌ಗೂ ಬರಬೇಕು. ಇಂಟರ್‌ನೆಟ್ಟಿನಿಂದ ಇಳಿಸಿದ ಒಪ್ಪಂದದ ನಮೂನೆಗಳನ್ನಂತೂ ಮುಟ್ಟಬೇಡಿ. ಎಷ್ಟೋ ಸಲ ಅವುಗಳಲ್ಲಿ ಬೇರೆ ದೇಶದ ಕಾನೂನು ತುಂಬಿರುತ್ತದೆ.

ಮೀಟಿಂಗಿನ ದಿನ ಏನು ಮಾಡಬೇಕು? ನಾಮಿನಿ ಮೊದಲೇ ಹೇಳಬೇಕು: ನಾನು ಫಂಡಿನವನು, ಈ ವಿಷಯದಲ್ಲಿ ಫಂಡಿಗೆ ಬೇರೆ ಆಸೆ ಇದೆ. ಪ್ರೈವೇಟ್ ಕಂಪನಿಯಲ್ಲಿ ಹೀಗೆ ಹೇಳಿದ ಮೇಲೆ ಚರ್ಚೆಯಲ್ಲಿ ಕೂರಲು 184 ಬಿಡುತ್ತದೆ. ಆದರೂ ಎದ್ದು ಹೊರಗೆ ಹೋಗಿ ಒಂದು ಕಾಫಿ ಕುಡಿದು ಬನ್ನಿ, ನಾನು ಹೇಳುವುದು ಅದನ್ನೇ. ಓಟು ಹಾಕಲೇಬೇಕು ಅಂದರೆ ಕಾರಣ ಕಂಪನಿಯದಾಗಿರಲಿ: 'ಹೋದ ವರ್ಷದ ಸಾಲವೇ ತೀರಿಲ್ಲ, ಇನ್ನೊಂದು ತಡೆಯಲ್ಲ' ಅನ್ನುವುದು ಕಾರಣ. 'ಫಂಡ್ ಬೇಡ ಅಂದಿದೆ' ಅನ್ನುವುದಲ್ಲ. ಮಿನಿಟ್ಸ್‌ನಲ್ಲಿ ಆ ಕಾರಣ ಬರಲೇಬೇಕು. ಕರಡು 15 ದಿನದೊಳಗೆ ಕೈಗೆ ಬರುತ್ತದೆ, ತಿದ್ದುಪಡಿ ಹೇಳಲು ಏಳು ದಿನ ಇರುತ್ತದೆ. ಓದದೆ ಬಿಡಬೇಡಿ.

ಬೋರ್ಡಿನ ಕಾಗದಗಳನ್ನು ನಾಮಿನಿ ತನ್ನನ್ನು ಕಳಿಸಿದವರಿಗೆ ದಾಟಿಸುವುದೂ ಹಾಗೇ. ಯಾವುದನ್ನು ಹೇಳಬಹುದು ಅಂತ ಮೊದಲೇ ಬರೆದುಕೊಂಡಿರದಿದ್ದರೆ ದಾಟಿಸುವಂತಿಲ್ಲ.

ಸಾಲ ಕೊಟ್ಟ ಬ್ಯಾಂಕಿನ ನಾಮಿನಿ ಇದ್ದರೆ ಇನ್ನೊಂದು ತಿರುವು. ಕಂಪನಿ ಮುಳುಗುವ ಹಂತಕ್ಕೆ ಬಂದಾಗ ಕಂಪನಿಯಿಂದ ದುಡ್ಡು ಬರಬೇಕಾದವರ ನಷ್ಟ ಕಡಿಮೆ ಮಾಡುವ ಹೊಣೆ ಡೈರೆಕ್ಟರ ಮೇಲೆ ಬರುತ್ತದೆ ಅಂತ 2016ರ ದಿವಾಳಿ ಸಂಹಿತೆಯ 66ನೇ ಸೆಕ್ಷನ್ ಹೇಳುತ್ತದೆ. ಆದರೆ ಅದು ತನ್ನ ಬ್ಯಾಂಕೊಂದರ ನಷ್ಟವಲ್ಲ. ಕಾಫಿ ಕೊಟ್ಟು ದುಡ್ಡಿಗೆ ಕಾಯುತ್ತಿರುವ ಮೂಡಿಗೆರೆಯ ಬೆಳೆಗಾರನೂ ಆ ಸಾಲಿನಲ್ಲೇ ನಿಂತಿರುತ್ತಾನೆ. ಅವನನ್ನು ಬಿಟ್ಟು ಬ್ಯಾಂಕಿಗೆ ಮಾತ್ರ ಮುಂಚಿತವಾಗಿ ತೀರಿಸಿದರೆ, ಕಂಪನಿ ಆಮೇಲೆ ದಿವಾಳಿ ಪ್ರಕ್ರಿಯೆಗೆ ಹೋದಾಗ ಆ ದುಡ್ಡನ್ನು ವಾಪಸ್ ಕೇಳುವ ಸಾಧ್ಯತೆ ಇದೆ.

ನಮ್ಮ ಕಂಪನಿಯಲ್ಲಿ ಫೆಬ್ರುವರಿಯಲ್ಲಿ ಆರ್ಟಿಕಲ್ಸ್ ತಿದ್ದಿದೆವು. ಅದಕ್ಕೂ ಮುಕ್ಕಾಲು ಪಾಲು ಓಟು ಬೇಕು, ಅಂದರೆ ಫಂಡ್ ಒಪ್ಪಲೇಬೇಕು. ದಂಡ ಅವರ ಡೈರೆಕ್ಟರ್ ತಲೆಗೇ ಬರುತ್ತದೆ ಅಂತ ತಿಳಿಸಿದ ಮೇಲೆ ಜಾಸ್ತಿ ಹಟ ಮಾಡಲಿಲ್ಲ. ಆ ದಿನ ಷೇರುದಾರರ ಸಭೆಗೆ ಅದೇ ನಾಮಿನಿ ಡೈರೆಕ್ಟರು ಬಂದರು, ಅದೇ ಕುರ್ಚಿಯಲ್ಲಿ ಕೂತರು. 113ನೇ ಸೆಕ್ಷನ್ ಪ್ರಕಾರ ಫಂಡ್ ಕೊಟ್ಟ ಅಧಿಕಾರ ಪತ್ರ ಕೈಯಲ್ಲಿತ್ತು. ಫೋನ್ ತೆಗೆದು ಫಂಡ್‌ನವರನ್ನು ಕೇಳಿ, ಅವರು ಹೇಳಿದ ಹಾಗೇ ಓಟು ಹಾಕಿದರು. ಈ ಸಲ ನಾನೇನೂ ಅನ್ನಲಿಲ್ಲ.