ಹಲ್ಲಿನ ಸೆಟ್ಟು, ಪೇಸ್ಟು ಮತ್ತು ಅಂಟು: ನನ್ನ ಅನುಭವ

ಹಲ್ಲಿನ ಸೆಟ್ ಹಾಕಿಕೊಂಡ ಹಿರಿಯರು ವಿರಾಜಪೇಟೆಯ ನನ್ನ ದಂತ ಚಿಕಿತ್ಸಾಲಯಕ್ಕೆ ಬಂದಾಗ, ನಾನು ಬಾಯಿ ನೋಡುವ ಮೊದಲು ಸೆಟ್ಟನ್ನು ತೊಳೆದು, ಚೆನ್ನಾಗಿ ಒರೆಸಿ, ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡುತ್ತೇನೆ. ಒದ್ದೆಯಾಗಿರುವಾಗ ಎಂತಹ ಸೆಟ್ಟೂ ಹೊಳೆಯುತ್ತದೆ. ಒಣಗಿದ ಮೇಲೆಯೇ ಅದರ ನಿಜವಾದ ಸ್ಥಿತಿ ತಿಳಿಯುವುದು. ನಾಪೋಕ್ಲು ಕಡೆಯಿಂದ ಮೊಮ್ಮಗಳ ಜೊತೆ ಬಂದಿದ್ದ ಎಪ್ಪತ್ತು ದಾಟಿದ ಅಜ್ಜಿಯೊಬ್ಬರ ಮೇಲಿನ ಸೆಟ್ಟನ್ನು ಹಾಗೆ ಹಿಡಿದಾಗ, ಮುಂಭಾಗದ ಗುಲಾಬಿ ಅಕ್ರಿಲಿಕ್ ಮೇಲೂ ಹಲ್ಲುಗಳ ಮೇಲೂ ಒಂದೇ ದಿಕ್ಕಿಗೆ ಓಡಿದ ನೂರಾರು ಸಣ್ಣ ಗೀರುಗಳು ಕಂಡವು. ಗೀರುಗಳ ಒಳಗೆ ಕಾಫಿ ಮತ್ತು ಎಲೆ-ಅಡಿಕೆಯ ಕಂದು ಬಣ್ಣ ಕೂತಿತ್ತು. ಮೊಮ್ಮಗಳಿಗೆ ಭೂತಗನ್ನಡಿ ಕೊಟ್ಟು ನೋಡಲು ಹೇಳಿದೆ.

"ದಿನಕ್ಕೆರಡು ಸಲ ಪೇಸ್ಟ್ ಹಾಕಿ ಗಟ್ಟಿಯಾಗಿ ಉಜ್ಜುತ್ತೇನೆ ಡಾಕ್ಟ್ರೇ, ಆದರೂ ಕರೆ ಹೋಗುವುದಿಲ್ಲ" ಎಂದು ಅಜ್ಜಿ ದೂರಿದರು. ಕರೆ ಹೋಗದಿರುವುದಕ್ಕೆ ಕಾರಣ ಆ ಉಜ್ಜುವಿಕೆಯೇ ಆಗಿತ್ತು.

ನಮ್ಮ ಹುಟ್ಟು ಹಲ್ಲಿನ ಹೊರಪದರವಾದ ಎನಾಮಲ್ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ನೂಪ್ ಎಂಬ ಗಡಸುತನದ ಅಳತೆಯಲ್ಲಿ ಅದು ಸುಮಾರು 340 ಇದ್ದರೆ, ಸೆಟ್ ತಯಾರಿಸುವ ಅಕ್ರಿಲಿಕ್ ಸುಮಾರು 20ರಷ್ಟು ಮಾತ್ರ. ಟೂತ್‌ಪೇಸ್ಟಿನಲ್ಲಿ ಕೊಳೆ ಕೀಳಲೆಂದು ಸಿಲಿಕಾ ಅಥವಾ ಕ್ಯಾಲ್ಸಿಯಂ ಕಾರ್ಬೊನೇಟಿನ ನುಣುಪಾದ ಪುಡಿಯನ್ನು ಸೇರಿಸಿರುತ್ತಾರೆ. ಎನಾಮಲ್ ತಡೆದುಕೊಳ್ಳುವ ಆ ಪುಡಿ ಅಕ್ರಿಲಿಕ್ಕನ್ನು ಕೆರೆಯುತ್ತದೆ. ಹಲ್ಲು ಬಿಳಿ ಮಾಡುವುದಾಗಿ ಹೇಳಿಕೊಳ್ಳುವ ಪೇಸ್ಟುಗಳು, ಹಲ್ಲುಪುಡಿ, ಇದ್ದಿಲು-ಉಪ್ಪು ಇವೆಲ್ಲ ಇನ್ನೂ ಒರಟು. ಗೀರು ಬಿದ್ದ ಜಾಗದಲ್ಲಿ ಕರೆ ನಿಲ್ಲುತ್ತದೆ, ಕರೆ ಕಂಡವರು ಇನ್ನಷ್ಟು ಒತ್ತಿ ಉಜ್ಜುತ್ತಾರೆ, ಗೀರು ಇನ್ನಷ್ಟು ಆಳವಾಗುತ್ತದೆ. ಬಣ್ಣಕ್ಕಿಂತ ನನಗೆ ಚಿಂತೆಯ ವಿಷಯವೆಂದರೆ ಅಲ್ಲಿ ಸೇರಿಕೊಳ್ಳುವ ಬ್ಯಾಕ್ಟೀರಿಯ ಮತ್ತು ಕ್ಯಾಂಡಿಡಾ ಎಂಬ ಶಿಲೀಂಧ್ರ. ಅಜ್ಜಿಯ ಅಂಗುಳ ಕೆಂಪಾಗಿತ್ತು. ಆ ಕೆಂಪು ಸೆಟ್ಟಿನ ಅಂಚು ಎಲ್ಲಿ ಮುಗಿಯುತ್ತದೆಯೋ ಸರಿಯಾಗಿ ಅಲ್ಲಿಗೇ ನಿಂತಿತ್ತು. ನೋವಿಲ್ಲದ ಕಾರಣ ಅವರಿಗೆ ಅದು ಗೊತ್ತೇ ಇರಲಿಲ್ಲ, ಸೆಟ್ಟನ್ನು ರಾತ್ರಿಯೂ ತೆಗೆಯದೆ ಮಲಗುವ ರೂಢಿ ಬೇರೆ ಇತ್ತು.

ಶಿಲೀಂಧ್ರಕ್ಕೆ ಔಷಧಿ ಬರೆದು, ಸೆಟ್ಟನ್ನು ಪಾಲಿಶ್‌ಗಾಗಿ ಲ್ಯಾಬಿಗೆ ಕಳುಹಿಸಿದೆ. ಪಾಲಿಶ್ ಮಾಡಬಹುದಾದದ್ದು ಹೊರಮೈಗೆ ಮಾತ್ರ. ಒಸಡಿಗೆ ತಾಗುವ ಒಳಮೈಯನ್ನು ಕೆರೆದರೆ ಹಿಡಿತವೇ ಹಾಳಾಗುತ್ತದೆ. ಗೀರನ್ನು ತುಂಬುವ ಮಾತ್ರೆ ಯಾವುದೂ ಇಲ್ಲವೆಂಬುದನ್ನೂ ಮೊಮ್ಮಗಳಿಗೆ ತಿಳಿಸಿದೆ, ಏಕೆಂದರೆ ಅವಳು ಶುಚಿಗೊಳಿಸುವ ಮಾತ್ರೆಯ ಡಬ್ಬಿಯನ್ನು ಆಗಲೇ ಕೊಂಡು ತಂದಿದ್ದಳು.

ಆ ಮಾತ್ರೆಯಿಂದ ಪ್ರಯೋಜನವಿದೆ, ಆದರೆ ಅದರ ಕೆಲಸ ಬೇರೆ. ಅದರಲ್ಲಿರುವ ಸೋಡಾ ಮತ್ತು ಸಿಟ್ರಿಕ್ ಆಮ್ಲ ನೀರಿಗೆ ಬಿದ್ದೊಡನೆ ನೊರೆ ಏಳಿಸುತ್ತವೆ. ಸೋಡಿಯಂ ಪರ್ಬೊರೇಟ್ ಅಥವಾ ಪರ್ಕಾರ್ಬೊನೇಟಿನಂತಹ ಲವಣಗಳಿಂದ ಹೊರಬರುವ ಆಮ್ಲಜನಕ ಕರೆಯನ್ನು ಸಡಿಲಿಸಿ ಸೂಕ್ಷ್ಮಾಣುಗಳನ್ನು ಕಡಿಮೆ ಮಾಡುತ್ತದೆ. ಮೆತ್ತಿಕೊಂಡ ದಪ್ಪ ಪದರವನ್ನು ನೊರೆಯೊಂದೇ ಕೀಳಲಾರದು. ಆದ್ದರಿಂದ ಮೊದಲು ಬ್ರಷ್, ಆಮೇಲೆ ಮಾತ್ರೆ ಎಂಬುದು ನಾನು ಹೇಳಿಕೊಡುವ ಕ್ರಮ. ರಾತ್ರಿ ಊಟದ ನಂತರ ಬೇಸಿನ್ನಿನಲ್ಲಿ ಅರ್ಧದಷ್ಟು ನೀರು ತುಂಬಿಸಿ, ಅದರ ಮೇಲೆಯೇ ಸೆಟ್ಟನ್ನು ಹಿಡಿದುಕೊಳ್ಳಬೇಕು; ಕೈ ಜಾರಿದರೂ ಒಡೆಯುವುದಿಲ್ಲ. ಮೃದುವಾದ ಬ್ರಷ್ಷಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಅಥವಾ ಸಾದಾ ಸೋಪು ಹಚ್ಚಿ, ಒಳಮೈ ಹೊರಮೈ ಎರಡನ್ನೂ ಒತ್ತದೆ ಉಜ್ಜಿ ತೊಳೆಯಬೇಕು. ಬಳಿಕ ಸೆಟ್ ಪೂರ್ತಿ ಮುಳುಗುವಷ್ಟು ಉಗುರುಬೆಚ್ಚಗಿನ ನೀರಿಗೆ ಒಂದು ಮಾತ್ರೆ ಹಾಕಿ, ಪೊಟ್ಟಣದ ಮೇಲೆ ಬರೆದಷ್ಟೇ ಹೊತ್ತು ಬಿಡಬೇಕು. ಕೆಲವು ಮಾತ್ರೆಗಳಿಗೆ ಕೆಲವೇ ನಿಮಿಷ ಸಾಕು, ಕೆಲವನ್ನು ರಾತ್ರಿಯಿಡೀ ಬಿಡಬಹುದು. ಹಂಡೆಯ ಕುದಿಯುವ ನೀರನ್ನು ಸುರಿದರೆ ಅಕ್ರಿಲಿಕ್ ಸೊಟ್ಟಗಾಗುತ್ತದೆ, ಅದನ್ನು ಮತ್ತೆ ಸರಿಪಡಿಸಲಾಗದು. ತೆಗೆದ ಮೇಲೆ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ಬೆಳಗಿನವರೆಗೆ ಸಾದಾ ನೀರಿನಲ್ಲಿ ಇಡಬೇಕು.

ಲೋಟದ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಹಾಸಿಗೆಯ ಪಕ್ಕದ ಲೋಟದಲ್ಲಿರುವ ಮಾತ್ರೆಯ ನೀರನ್ನು ಹಿರಿಯರು ಕತ್ತಲಲ್ಲಿ ಕುಡಿದುಬಿಡಬಹುದು, ಬಿ.ಪಿ. ಮಾತ್ರೆಯ ಜೊತೆ ಇಟ್ಟರೆ ಶುಚಿಗೊಳಿಸುವ ಮಾತ್ರೆಯನ್ನೇ ಬಾಯಿಗೆ ಹಾಕಿಕೊಳ್ಳಬಹುದು. ಆದ್ದರಿಂದ ಮುಚ್ಚಳವಿರುವ, ಬೇರೆ ಬಣ್ಣದ ಡಬ್ಬಿಯೇ ಬೇಕು. ಮಾತ್ರೆಯಲ್ಲಿ ಪರ್‌ಸಲ್ಫೇಟ್ ಇದ್ದರೆ ಕೆಲವರಿಗೆ ಒಗ್ಗುವುದಿಲ್ಲ; ಒಸಡು ಉರಿ, ದದ್ದು, ಉಬ್ಬಸ ಕಂಡರೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಒಳಗೆ ಮೆತ್ತನೆಯ ಪದರ ಹಾಕಿಸಿದ ಸೆಟ್ಟಿಗೂ ಲೋಹದ ಚೌಕಟ್ಟಿನ ಸೆಟ್ಟಿಗೂ ಯಾವ ಮಾತ್ರೆ ಆಗುತ್ತದೆಂದು ಮೊದಲು ಕೇಳಿಕೊಳ್ಳುವುದು ಒಳ್ಳೆಯದು. ಅಂದಹಾಗೆ, ಮನೆಯಲ್ಲಿದೆಯೆಂದು ನಮ್ಮ ಕೊಡಗಿನ ಹುಳಿರಸವಾದ ಕಾಚಂಪುಳಿಯಲ್ಲಿ ನೆನೆಸುವುದು ಬೇಡ. ಅದರ ಕಪ್ಪು ಬಣ್ಣ ಇನ್ನೊಂದು ಕರೆಯಾದೀತು.

ಅಜ್ಜಿಯ ಎರಡನೆಯ ದೂರು, ಕಡಂಬುಟ್ಟು ತಿನ್ನುವಾಗ ಕೆಳಗಿನ ಸೆಟ್ ಮೇಲೇಳುತ್ತದೆ ಎಂಬುದು. ಅದಕ್ಕೆ ಅವರು ಅಂಟಿನ ಕ್ರೀಮನ್ನು ಸೆಟ್ಟಿನ ಉದ್ದಕ್ಕೂ ದಪ್ಪವಾಗಿ ಹಚ್ಚುತ್ತಿದ್ದರು. ಅದು ಅಂಚಿನಿಂದ ಹೊರಗೆ ಉಕ್ಕಿ ನಾಲಿಗೆಗೆ ತಾಗುತ್ತಿತ್ತು, ಟ್ಯೂಬು ಎರಡು ವಾರದೊಳಗೆ ಮುಗಿಯುತ್ತಿತ್ತು. ಮೇಲಿನ ಮತ್ತು ಕೆಳಗಿನ ಎರಡೂ ಸೆಟ್ಟಿಗೆ ದಿನವೂ ಹಚ್ಚಿದರೆ 68 ಗ್ರಾಂ ಟ್ಯೂಬು ಏಳೆಂಟು ವಾರ ಬರಬೇಕು. ಅದಕ್ಕಿಂತ ಬಹಳ ಬೇಗ ಮುಗಿದರೆ ಅಂಟು ಹೆಚ್ಚಾಗಿದೆ ಎಂದೇ ಅರ್ಥ. ಕ್ರೀಮಿನಲ್ಲಿ ಸತು ಇದ್ದರೆ ಇದು ಬರಿಯ ಖರ್ಚಿನ ಮಾತಲ್ಲ: ವರ್ಷಗಟ್ಟಲೆ ಹೆಚ್ಚು ಸತು ನುಂಗಿದವರಲ್ಲಿ ತಾಮ್ರದ ಕೊರತೆಯುಂಟಾಗಿ ಕೈಕಾಲು ಜೋಮು ಹಿಡಿದು, ನಡಿಗೆ ತಪ್ಪಿದ ಪ್ರಕರಣಗಳು ದಾಖಲಾಗಿವೆ. ಸತುವಿಲ್ಲದ ಕ್ರೀಮನ್ನೇ ಆರಿಸಿಕೊಳ್ಳಲು ಹೇಳಿದೆ.

ಸರಿಯಾಗಿ ಹಚ್ಚುವುದನ್ನು ಅಜ್ಜಿಯ ಕೈಯಿಂದಲೇ ಮಾಡಿಸಿದೆ. ತೊಳೆದು ಒರೆಸಿದ ಕೆಳಗಿನ ಸೆಟ್ಟಿನ ಒಳಮೈಗೆ ಬಟಾಣಿಗಿಂತ ಚಿಕ್ಕದಾದ ಮೂರು ಬೊಟ್ಟು, ಅಂಚಿನಿಂದ ಒಳಕ್ಕೆ. ಬಾಯಿ ಮುಕ್ಕಳಿಸಿ ಸೆಟ್ಟನ್ನು ಕೂರಿಸಿ, ಕೆಲವು ಕ್ಷಣ ಒತ್ತಿ ಹಿಡಿದು ಹಲ್ಲು ಕಚ್ಚುವುದು. ಉಕ್ಕಿ ಬಂದರೆ ಮರುದಿನ ಬೊಟ್ಟು ಚಿಕ್ಕದಾಗಬೇಕು. ರಾತ್ರಿ ಬೆಚ್ಚಗಿನ ಉಪ್ಪುನೀರಿನಿಂದ ಮುಕ್ಕಳಿಸಿ, ಒಸಡಿಗೆ ಹಿಡಿದ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಹಳೆಯದರ ಮೇಲೆ ಹೊಸದನ್ನು ಹಚ್ಚಬಾರದು.

ಇಷ್ಟಾದರೂ ಅಂಟು ಸಡಿಲವಾದ ಸೆಟ್ಟಿಗೆ ಮದ್ದಲ್ಲ. ಹಲ್ಲು ಕೀಳಿಸಿದ ಮೇಲೆ ದವಡೆಯ ಮೂಳೆ ಸವೆಯುತ್ತಲೇ ಹೋಗುತ್ತದೆ, ಅದರಲ್ಲೂ ಕೆಳದವಡೆ ಮೇಲಿನದಕ್ಕಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು. ಅಜ್ಜಿಯ ಸೆಟ್ಟಿನ ಎರಡೂ ಬದಿಗೆ ಬೆರಳಿಟ್ಟು ಒಂದೊಂದಾಗಿ ಒತ್ತಿದಾಗ ಅದು ತಕ್ಕಡಿಯಂತೆ ಎದ್ದು ಕೂರುತ್ತಿತ್ತು. ಅಂಗುಳ ಮಾಮೂಲಿ ಬಣ್ಣಕ್ಕೆ ಬಂದ ಮೇಲೆ ಅಚ್ಚು ತೆಗೆದು, ಕೆಳಗಿನ ಸೆಟ್ಟಿನ ಒಳಮೈಗೆ ಹೊಸ ಅಕ್ರಿಲಿಕ್ ಪದರ ಹಾಕಿಸಿದೆವು. ಅಂಟು ಈಗ ಮದುವೆ ಮನೆಯ ಊಟಕ್ಕೆ ಮಾತ್ರ ಬೇಕಾಗುತ್ತದೆಯಂತೆ. ಮೇಲಿನ ಸೆಟ್ಟಿನ ಮುಂದಿನ ಎರಡು ಹಲ್ಲುಗಳಲ್ಲಿದ್ದ ಆಳವಾದ ಗೀರುಗಳು ಪಾಲಿಶ್‌ನಿಂದಲೂ ಹೋಗಲಿಲ್ಲ. ಅಲ್ಲಿ ಕಾಫಿಯ ಕರೆ ಮತ್ತೆ ಕೂರುತ್ತಿದೆ, ಮಾತ್ರೆ ಅದನ್ನು ತುಸು ತಿಳಿಯಾಗಿಸುತ್ತದೆ ಅಷ್ಟೇ.